ಹಳೇ ಜಾಹೀರಾತಿನ ಜೇನುಬಣ್ಣ ಎಲ್ಲಿಂದ ಬರುತ್ತದೆ?

ಬಿಸಿಲು ಬೀಳುವ ಅಂಗಡಿಯ ಗೋಡೆ ಮೇಲೆ ವರ್ಷಗಟ್ಟಲೆ ಅಂಟಿಕೊಂಡಿರುವ ಪೋಸ್ಟರನ್ನು ಗಮನಿಸಿ. ಅದು ನೀಲಿಗೆ ತಿರುಗಿರುತ್ತದೆ. ಹೆಣ್ಣಿನ ಮುಖ ತಿಳಿನೀಲಿ, ಉಟ್ಟಿದ್ದ ಕೆಂಪು ಸೀರೆಯಲ್ಲಿ ಕೆಂಪೇ ಇಲ್ಲ. ಅದರದೇ ಇನ್ನೊಂದು ಪ್ರತಿ ಮನೆಯ ಟ್ರಂಕಿನೊಳಗೆ ಉಳಿದಿದ್ದರೆ, ಅದು ಹಳದಿ ಮಿಶ್ರಿತ ಕಂದು ಆಗಿರುತ್ತದೆ. ಎರಡೂ ಹಳೆಯವೇ, ಆದರೆ ಹಳತಾದ ದಾರಿ ಬೇರೆ ಬೇರೆ.

ಬಿಸಿಲಿನಲ್ಲಿ ಹಾಳಾಗುವುದು ಶಾಯಿ. ಬಣ್ಣದ ಮುದ್ರಣಕ್ಕೆ ಸಾಮಾನ್ಯವಾಗಿ ನಾಲ್ಕು ಶಾಯಿ: ಸಯಾನ್ ನೀಲಿ, ಮಜೆಂಟಾ, ಹಳದಿ, ಕಪ್ಪು. ಬೆಳಕಿನ ಹೊಡೆತಕ್ಕೆ ಮಜೆಂಟಾ ಮತ್ತು ಹಳದಿಯ ಅಣುಗಳು ಬೇಗ ಒಡೆಯುತ್ತವೆ. ಸಯಾನ್‌ಗೆ ಬಣ್ಣ ಕೊಡುವ ಥಾಲೋಸಯನೀನ್ ಬೆಳಕಿಗೆ ಅಷ್ಟು ಬೇಗ ಒಡೆಯದ ಗಟ್ಟಿ ವಸ್ತು. ಕಪ್ಪು ಶಾಯಿ ಅಂದರೆ ಮಸಿ, ಅದಕ್ಕೆ ಬಿಸಿಲಿನ ಭಯವೇ ಇಲ್ಲ. ಕೊನೆಗೆ ಉಳಿಯುವುದು ಇವೆರಡೇ, ಹಾಗಾಗಿ ಪೋಸ್ಟರ್ ನೀಲಿ.

ಟ್ರಂಕಿನ ಕತ್ತಲಲ್ಲಿ ಶಾಯಿ ಹೆಚ್ಚು ಕಡಿಮೆ ಹಾಗೇ ಇರುತ್ತದೆ, ಬದಲಾಗುವುದು ಕಾಗದ. ಅಗ್ಗದ ಕಾಗದದಲ್ಲಿ ಮರದ ನಾರನ್ನು ಹಿಡಿದಿಡುವ ಲಿಗ್ನಿನ್ ಎಂಬ ವಸ್ತು ಉಳಿದಿರುತ್ತದೆ. ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಹೊಸ ಅಣುಗಳಾಗುತ್ತದೆ. ಇವು ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದ ಕಾಗದ ನಮ್ಮ ಕಣ್ಣಿಗೆ ಹಳದಿಯಾಗಿ ಕಾಣುತ್ತದೆ. ಗಾಳಿ ಮೊದಲು ತಾಗುವುದು ಅಂಚಿಗೆ ಅಲ್ವಾ? ಅದಕ್ಕೇ ಅಂಚು ಜಾಸ್ತಿ ಕಂದು, ನಡುಭಾಗ ತಿಳಿ. 1894ರಲ್ಲಿ ಮುಂಬೈಯಲ್ಲಿ ಶುರುವಾದ ರವಿವರ್ಮರ ಮುದ್ರಣಾಲಯದಂಥ ಕಡೆ ಅಚ್ಚಾದ ಚಿತ್ರಗಳಿಗೆ ಇನ್ನೊಂದು ಕಾರಣವೂ ಸೇರುತ್ತದೆ. ಎಣ್ಣೆಚಿತ್ರದ ಹೊಳಪು ಬರಲೆಂದು ಮೇಲೆ ವಾರ್ನಿಷ್ ಬಳಿಯುತ್ತಿದ್ದರು. ಆ ವಾರ್ನಿಷ್ ಕೂಡ ಕಾಲ ಕಳೆದಂತೆ ಹಳದಿಯಾಗುತ್ತದೆ.

ನಾವು ಇಷ್ಟಪಡುವ ಆ ಬೆಚ್ಚನೆಯ ಬಣ್ಣ ಹೀಗೆ ಶಾಯಿಯದ್ದಲ್ಲ, ಕಾಗದದ್ದು. ಇದು ತಿಳಿದರೆ ಹಳೇ ನೋಟದ ಜಾಹೀರಾತು ಮಾಡುವ ಕ್ರಮವೇ ಬದಲಾಗುತ್ತದೆ. ಒಂದು ಊದುಬತ್ತಿ ಪೊಟ್ಟಣದ ಲೇಬಲ್ ಮಾಡುತ್ತಿದ್ದೇವೆ ಅಂದುಕೊಳ್ಳಿ. ಚಿತ್ರ ಮುಗಿಸಿ ಮೇಲೊಂದು ಕಂದು ಫಿಲ್ಟರ್ ಹಾಕುವುದು ಸುಲಭ, ಆದರೆ ಅದು ಸುಳ್ಳು ಅಂತ ತಕ್ಷಣ ಗೊತ್ತಾಗುತ್ತದೆ. ಮೊದಲು ಕಾಗದ ಮಾಡಬೇಕು. ಹಿನ್ನೆಲೆಗೆ #F0E0BC ಎಂಬ ತಿಳಿ ಕೆನೆಬಣ್ಣ ಹಾಕಿ, ಅಂಚನ್ನು ಸ್ವಲ್ಪ ಗಾಢ ಮಾಡಿ. ಅದರ ಮೇಲೆ ಚಿತ್ರದ ಪದರವನ್ನು Multiply ವಿಧಾನದಲ್ಲಿ ಇಡಿ. ಈ ವಿಧಾನ ಎರಡು ಪದರಗಳ ಬಣ್ಣವನ್ನು ಗುಣಿಸುತ್ತದೆ. ಪಾರದರ್ಶಕ ಶಾಯಿ ಕಾಗದದ ಮೇಲೆ ಮಾಡುವುದೂ ಹೆಚ್ಚು ಕಡಿಮೆ ಅದೇ ಕೆಲಸ. ಚಿತ್ರದಲ್ಲಿ #00A0DC ಎಂಬ ಅಚ್ಚ ನೀಲಿ ಇದ್ದರೆ ಅದು #008DA2 ಆಗುತ್ತದೆ, ಅಂದರೆ ನವಿಲಿನ ಕತ್ತಿನ ಹಸಿರುನೀಲಿ. ಹಳೇ ಲೇಬಲ್‌ಗಳ ಆಕಾಶ ಸ್ವಲ್ಪ ಹಸಿರಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಆ ಬಣ್ಣವನ್ನು ಯಾರೂ ಆರಿಸಿದ್ದಲ್ಲ! ಚಿತ್ರದ ಬಿಳಿ ಭಾಗವೂ ತಾನಾಗಿಯೇ ಕಾಗದದ ಬಣ್ಣಕ್ಕೆ ಬರುತ್ತದೆ. ಕಪ್ಪಿಗೆ ಮಾತ್ರ ಪೂರ್ತಿ ಕಪ್ಪು ಬೇಡ. ಒರಟು ಕಾಗದ ಶಾಯಿ ಕುಡಿಯುವುದರಿಂದ ಕಪ್ಪು ಸ್ವಲ್ಪ ಮಂಕಾಗುತ್ತದೆ, #2B2521 ಸುತ್ತಮುತ್ತ ಸಾಕು.

ಆಮೇಲೆ ಅಚ್ಚಿನ ಗುರುತುಗಳು. ಒಂದೊಂದು ಬಣ್ಣವನ್ನೂ ಬೇರೆಯಾಗಿ ಅಚ್ಚು ಹಾಕುವಾಗ ಕಾಗದ ಕೂದಲೆಳೆಯಷ್ಟು ಜರುಗುತ್ತಿತ್ತು. ಕಾಲು ಮಿಲಿಮೀಟರ್ ಜರುಗಿದರೆ 300 ಡಿಪಿಐ ಕಡತದಲ್ಲಿ ಸುಮಾರು 3 ಪಿಕ್ಸೆಲ್. ಕೆಂಪಿನ ಪದರವನ್ನು ಒಂದೇ ದಿಕ್ಕಿಗೆ ಅಷ್ಟು ಸರಿಸಿ. ತುಟಿಯ ಪಕ್ಕದಲ್ಲಿ ಒಂದು ಸಣ್ಣ ಕೆಂಪು ಅಂಚು ಇಣುಕಿದರೆ ಸಾಕು. ಇನ್ನೂ ಸರಿಸಿದರೆ ಅದು ಹಳೇ ಅಚ್ಚಲ್ಲ, ಕೆಟ್ಟ ಅಚ್ಚು. ಒಂದೊಂದು ಬಣ್ಣವನ್ನೂ ಅಚ್ಚಿನ ಸಣ್ಣ ಚುಕ್ಕೆಗಳ ಸಾಲುಗಳಲ್ಲಿ ಮಾಡುವುದಾದರೆ, ಆ ಸಾಲುಗಳು ಸಯಾನ್‌ಗೆ 15, ಮಜೆಂಟಾಗೆ 75, ಕಪ್ಪಿಗೆ 45 ಡಿಗ್ರಿಯಲ್ಲಿ ಓರೆಯಾಗಿರಲಿ. ಹಳದಿಯವು 0 ಡಿಗ್ರಿಯಲ್ಲಿರಲಿ. ಎಲ್ಲವನ್ನೂ ಒಂದೇ ಕೋನದಲ್ಲಿಟ್ಟರೆ ಸಣ್ಣದೊಂದು ತಪ್ಪಿಗೂ ಬಟ್ಟೆಯ ನೇಯ್ಗೆಯಂಥ ಅಲೆಗಳು ಎದ್ದು ಚಿತ್ರ ಹಾಳಾಗುತ್ತದೆ.

ಕೆಲಸ ಮುಗಿದ ಮೇಲೆ ಎರಡು ಕಡೆ ಕಣ್ಣು ಹಾಯಿಸಿ. ಕಾಗದಕ್ಕಿಂತ ಬಿಳಿಯಾದ ಜಾಗ ಎಲ್ಲಾದರೂ ಇದೆಯಾ? ಇದ್ದರೆ ಆ ಪದರ Multiply ಆಗಿಲ್ಲ. ಶಾಯಿ ಸವೆದಂತೆ ಕಾಣಲೆಂದು ಹಾಕಿದ ಕಲೆಗಳು ಖಾಲಿ ಜಾಗದಲ್ಲೂ ಕಾಣುತ್ತಿವೆಯಾ? ಶಾಯಿಯೇ ಇಲ್ಲದ ಕಡೆ ಸವೆಯಲು ಏನಿದೆ? ಸವೆತದ ಪದರವನ್ನು ಶಾಯಿಗೆ ಮಾತ್ರ ಕಟ್ಟಿಹಾಕಿ, ಮಡಿಕೆಯ ಗೆರೆಯ ಮೇಲೆ ಸ್ವಲ್ಪ ಜಾಸ್ತಿ ಕೊಡಿ.

ಇಷ್ಟೂ ಹೊಂದುವುದು ಕಾಗದದ ಜಾಹೀರಾತಿಗೆ ಮಾತ್ರ. ತಗಡಿನ ಎನಾಮಲ್ ಬೋರ್ಡಿನ ನೋಟ ಬೇಕಿದ್ದರೆ ಇದ್ಯಾವುದೂ ನಡೆಯುವುದಿಲ್ಲ. ಎನಾಮಲ್ ಅಂದರೆ ಗಾಜು, ಅದರ ಬಣ್ಣ ಲೋಹದ ಆಕ್ಸೈಡುಗಳದ್ದು. ಬಿಸಿಲಿಗೆ ಅದು ಅಷ್ಟು ಸುಲಭವಾಗಿ ಮಾಸುವುದಿಲ್ಲ. ಮೊಳೆ ಹೊಡೆದ ತೂತಿನ ಸುತ್ತ ಮತ್ತು ಮೂಲೆಗಳಲ್ಲಿ ಚಕ್ಕೆ ಎದ್ದು, ಕೆಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಅಲ್ಲಿ ಬಣ್ಣಗಳನ್ನು ಹೊಚ್ಚ ಹೊಸದರಂತೆ ಬಿಟ್ಟು, ತೂತಿನಿಂದ ಕೆಳಕ್ಕಿಳಿದ ತುಕ್ಕಿನ ಕಲೆಯನ್ನಷ್ಟೇ ಬಿಡಿಸಿ.