ಪವನಮುಕ್ತಾಸನದಿಂದ ಮಲಬದ್ಧತೆ ನೀಗುವುದೇ?

ಪ್ರಶ್ನೆ: ನನಗೆ 46 ವರ್ಷ. ರಕ್ತಹೀನತೆಗೆಂದು ಎರಡು ತಿಂಗಳಿಂದ ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಆಗಿನಿಂದ ಮೂರು ದಿನಕ್ಕೊಮ್ಮೆ, ಅದೂ ಬಹಳ ತಿಣುಕಿದರೆ ಮಾತ್ರ ಹೊಟ್ಟೆ ಖಾಲಿಯಾಗುತ್ತದೆ. ಪವನಮುಕ್ತಾಸನ, ಕಪಾಲಭಾತಿ ಮಾಡಿದರೆ ಸರಿಹೋಗಬಹುದೇ?

ಉತ್ತರ: ನಿಮ್ಮ ತೊಂದರೆ ಮಾತ್ರೆಯೊಂದಿಗೇ ಆರಂಭವಾಗಿರುವುದರಿಂದ ಮೊದಲು ನೋಡಬೇಕಾದದ್ದು ಅದನ್ನೇ. ಕಬ್ಬಿಣಾಂಶದ ಮಾತ್ರೆಯಿಂದ ಮಲ ಗಟ್ಟಿಯಾಗುವುದು ಸಾಮಾನ್ಯ, ಮತ್ತು ಯಾವ ಆಸನವೂ ಗಟ್ಟಿಯಾದ ಮಲವನ್ನು ಮೆದುಗೊಳಿಸಲಾರದು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸದೆ, ಪ್ರಮಾಣ ಇಳಿಸಬಹುದೇ ಅಥವಾ ಬೇರೆ ಬಗೆಯದನ್ನು ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ನೀರು, ಸೊಪ್ಪು, ಕಾಳು, ಸೀಬೆಹಣ್ಣಿನಂಥ ನಾರಿನ ಆಹಾರ ಇದರ ಜೊತೆಗೆ ಬೇಕೇ ಬೇಕು.

ಆಸನ ನೆರವಾಗುವುದು ಬೇರೆ ಕಡೆ: ಸಿಕ್ಕಿಕೊಂಡ ವಾಯು ಸರಿಯಲು ಮತ್ತು ವಿಸರ್ಜನೆಯ ಹೊತ್ತಿನಲ್ಲಿ ಬಿಗಿಯಾಗುವ ಸ್ನಾಯುಗಳು ಸಡಿಲಗೊಳ್ಳಲು. ಎದ್ದ ಮೇಲೆ ಮತ್ತು ತಿಂಡಿಯ ನಂತರ ದೊಡ್ಡ ಕರುಳಿನ ಚಲನೆ ತಾನಾಗಿಯೇ ಚುರುಕಾಗುವುದರಿಂದ ಅಭ್ಯಾಸವನ್ನು ತಿಂಡಿಗೆ ಮುಂಚೆ ಇಟ್ಟುಕೊಳ್ಳುವುದು ಒಳ್ಳೆಯದು. ಒಂದು ಲೋಟ ಬೆಚ್ಚಗಿನ ನೀರು ಕುಡಿದು, ಸ್ವಲ್ಪ ಹೊತ್ತಿನ ನಂತರ ಅಂಗಾತ ಮಲಗಿ, ಉಸಿರು ಬಿಡುತ್ತಾ ಬಲಮೊಣಕಾಲನ್ನು ಎರಡೂ ಕೈಗಳಿಂದ ಹೊಟ್ಟೆಯತ್ತ ತಂದು, ಐದಾರು ನಿಧಾನವಾದ ಉಸಿರಿನಷ್ಟು ಹೊತ್ತು ಹಿಡಿಯಿರಿ. ಬಳಿಕ ಎಡಗಾಲು, ಆಮೇಲೆ ಎರಡೂ. ಇದೇ ಪವನಮುಕ್ತಾಸನ. ತಲೆ ಎತ್ತುವ ಅಗತ್ಯವಿಲ್ಲ; ಕತ್ತು ನೋಯುವವರಂತೂ ಎತ್ತಲೇಬಾರದು. ಮೊಣಕಾಲು ನೋವಿಲ್ಲದಿದ್ದರೆ ಒಂದು ನಿಮಿಷ ಕುಕ್ಕರಗಾಲಿನಲ್ಲಿ, ಅಂದರೆ ಮಲಾಸನದಲ್ಲಿ, ಕುಳಿತುಕೊಳ್ಳಿ. ತಿಂಡಿಯಾದ ಅರ್ಧ ಗಂಟೆಯೊಳಗೆ ಶೌಚಕ್ಕೆ ಹೋಗಿ.

ಉಸಿರಾಟದ ನಿಜವಾದ ಉಪಯೋಗ ಕಾಣುವುದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಕಮೋಡ್ ಇದ್ದರೆ ಕಾಲಡಿಗೆ ಗಿಡ್ಡ ಮಣೆ ಇಟ್ಟು, ಮೊಣಕಾಲುಗಳು ಸೊಂಟಕ್ಕಿಂತ ಮೇಲಿರುವಂತೆ ಮುಂದಕ್ಕೆ ಬಾಗಿ ಕುಳಿತುಕೊಳ್ಳಿ. ಹೊಟ್ಟೆ ಉಬ್ಬುವಂತೆ ಉಸಿರೆಳೆದುಕೊಂಡು, ಬಾಯಿಯಿಂದ ಮೆಲ್ಲಗೆ ಬಿಡಿ. ಉಸಿರು ಬಿಗಿಹಿಡಿದು ತಿಣುಕಿದಾಗ ಅನೇಕರಲ್ಲಿ ಗುದದ್ವಾರದ ಸುತ್ತಲಿನ ಸ್ನಾಯುಗಳು ಸಡಿಲವಾಗುವ ಬದಲು ಬಿಗಿಯುತ್ತವೆ, ಮೂಲವ್ಯಾಧಿಯೂ ಹೆಚ್ಚುತ್ತದೆ. ಹತ್ತು ನಿಮಿಷದಲ್ಲಿ ಆಗದಿದ್ದರೆ ಎದ್ದು ಬನ್ನಿ.

ಕಪಾಲಭಾತಿಯನ್ನು ನಾನು ನಿಮಗೆ ಸೂಚಿಸುವುದಿಲ್ಲ. ಅದು ಹೊಟ್ಟೆಯನ್ನು ರಭಸದಿಂದ ಒಳಗೆಳೆಯುವ ಕ್ರಿಯೆ. ನಿಮಗೀಗ ಬೇಕಿರುವುದು ಸಡಿಲಿಕೆ. ಅಧಿಕ ರಕ್ತದೊತ್ತಡ, ಹರ್ನಿಯಾ, ಗ್ಲಾಕೋಮಾ ಇರುವವರು ಮತ್ತು ಗರ್ಭಿಣಿಯರು ಅದನ್ನು ಮಾಡಲೇಬಾರದು. ಗರ್ಭಿಣಿಯರಿಗೆ ಹೊಟ್ಟೆಯನ್ನು ಒತ್ತುವ ಪವನಮುಕ್ತಾಸನವೂ ಸಲ್ಲದು.

ಎರಡು ಮೂರು ವಾರಗಳಲ್ಲಿ ಮಲ ಮೆತ್ತಗಾಗಿಯೂ ಹೊರಬರಲು ಕಷ್ಟವಾಗುತ್ತಿದ್ದರೆ, ತೊಂದರೆ ಗುದದ್ವಾರದ ಸುತ್ತಲಿನ ಸ್ನಾಯುಗಳ ಹೊಂದಾಣಿಕೆಯಲ್ಲಿರಬಹುದು. ಅದಕ್ಕೆ ಫಿಸಿಯೋಥೆರಪಿಯ ತರಬೇತಿಯಿದೆ. ಕಬ್ಬಿಣಾಂಶದ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ. ಆದರೆ ಅದು ಡಾಂಬರಿನಂತೆ ಜಿಗುಟಾಗಿದ್ದರೆ, ರಕ್ತ ಕಂಡರೆ, ತೂಕ ಇಳಿಯುತ್ತಿದ್ದರೆ, ಅಥವಾ ವಾಂತಿಯೊಂದಿಗೆ ಹೊಟ್ಟೆ ಉಬ್ಬಿ ವಾಯುವೂ ಹೋಗದಿದ್ದರೆ ಆಸನಗಳನ್ನು ಬಿಟ್ಟು ತಕ್ಷಣ ವೈದ್ಯರ ಬಳಿ ಹೋಗಿ. ನಿಮಗೆ ರಕ್ತಹೀನತೆ ಏಕೆ ಬಂತೆಂಬುದು ಇನ್ನೂ ಪತ್ತೆಯಾಗಿಲ್ಲದಿದ್ದರೆ ಅದನ್ನೂ ಅವರಲ್ಲಿ ವಿಚಾರಿಸಿ, ಏಕೆಂದರೆ ಕರುಳಿನಲ್ಲಿ ಕಣ್ಣಿಗೆ ಕಾಣದಂತೆ ಆಗುವ ರಕ್ತಸ್ರಾವವೂ ಅದಕ್ಕೆ ಕಾರಣವಾಗಿರಬಹುದು.