ಆಟಗಾರರ ದಾಖಲೆಗಾಗಿ ಪ್ರಾಂಶುಪಾಲರಿಗೆ ಪತ್ರ: ಪಾಯಿಂಟ್ ಬರೆದಿಟ್ಟರೆ ಸಾಲದೇ?

ಪ್ರಶ್ನೆ: ನಾನು ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಣ ಶಿಕ್ಷಕ. ಕಬಡ್ಡಿ ತಂಡದ ಮಕ್ಕಳ ಅಂಕಿಅಂಶ ದಾಖಲಿಸಲು ಅನುಮತಿ ಕೇಳಿ ಪ್ರಾಂಶುಪಾಲರಿಗೆ ಪತ್ರ ಬರೆಯಬೇಕಿದೆ. ಯಾರು ಎಷ್ಟು ಪಾಯಿಂಟ್ ತಂದರು ಅಂತ ಬರೆದಿಟ್ಟರೆ ಸಾಕಲ್ಲವೇ?

ಉತ್ತರ: ಸಾಲದು ಮೇಷ್ಟ್ರೇ. ತಾಲ್ಲೂಕು ಮಟ್ಟದ ಆಟ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ, ಜೊತೆಗೆ ‘ಪಾಯಿಂಟ್ ಜಾಸ್ತಿ ತಂದವನೇ ಒಳ್ಳೆಯ ರೈಡರ್’ ಎಂಬ ನಂಬಿಕೆಯೂ ಬರುತ್ತದೆ. ಎಷ್ಟು ಸಲ ಹೇಳಿದರೂ ಅದು ಹೋಗುವುದಿಲ್ಲ. ಹಾಗಾಗಿ ಪತ್ರಕ್ಕಿಂತ ಮೊದಲು ಅದನ್ನೇ ಮುಗಿಸೋಣ.

ಇಬ್ಬರು ಹುಡುಗರನ್ನು ಊಹಿಸಿಕೊಳ್ಳಿ. ಮೂರು ಪಂದ್ಯಗಳಲ್ಲಿ 7ನೇ ನಂಬರಿನವನು 40 ರೈಡ್ ಹೋಗಿ 16 ಪಾಯಿಂಟ್ ತಂದ. 4ನೇ ನಂಬರಿನವನು 18 ರೈಡ್ ಹೋಗಿ 10 ಪಾಯಿಂಟ್ ತಂದ. ಪಾಯಿಂಟ್ ಪಟ್ಟಿ ಮಾತ್ರ ನೋಡಿದರೆ 7ನೇ ನಂಬರೇ ಹೀರೋ. ಈಗ ಸಿಕ್ಕಿಬಿದ್ದ ಲೆಕ್ಕ ತೆಗೆಯಿರಿ: ಅವನು 12 ಸಲ ಔಟ್, ಇವನು ಎರಡೇ ಸಲ. ರೈಡರ್ ಸಿಕ್ಕಿಬಿದ್ದರೆ ಎದುರಾಳಿಗೆ ಕನಿಷ್ಠ ಒಂದು ಪಾಯಿಂಟ್ ಹೋಗುತ್ತದೆ. ಹಾಗೆ ಕಳೆದು ನೋಡಿದರೆ ಮೊದಲನೆಯವನಿಂದ ತಂಡಕ್ಕೆ ಉಳಿದದ್ದು 4, ಎರಡನೆಯವನಿಂದ 8. ಸಾಲದ್ದಕ್ಕೆ, ಔಟಾದ ಹುಡುಗ ಮತ್ತೆ ಒಳಗೆ ಬರುವ ತನಕ ತಂಡ ಒಬ್ಬ ಕಡಿಮೆಯಾಗಿ ಆಡಬೇಕು. ಅದು ಯಾವ ಪಾಯಿಂಟ್ ಪಟ್ಟಿಯಲ್ಲೂ ಕಾಣುವುದಿಲ್ಲ.

ಹಾಗಂತ 4ನೇ ನಂಬರಿನವನನ್ನು ತಕ್ಷಣ ಮುಖ್ಯ ರೈಡರ್ ಮಾಡಿಬಿಡಬೇಡಿ. 18 ರೈಡ್ ತೀರಾ ಕಡಿಮೆ. ಎದುರಾಳಿಯ ಒಳ್ಳೆಯ ಕಾರ್ನರ್ ಹೊರಗೆ ಕೂತಿದ್ದಾಗಲೇ ನೀವು ಅವನನ್ನು ಕಳಿಸಿರಬಹುದು. ಅದಕ್ಕೇ ಪ್ರತಿ ರೈಡಿನ ಮುಂದೆ ಎದುರಾಳಿ ಅಂಕಣದಲ್ಲಿ ಎಷ್ಟು ಜನ ಇದ್ದರು ಅಂತಲೂ ಬರೆಯಬೇಕು. ಆರು ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದಾಗ ಮಾತ್ರ ಬೋನಸ್ ಸಿಗುತ್ತದೆ, ಆದ್ದರಿಂದ ಬೋನಸ್ ಗೆರೆ ದಾಟುವುದರಲ್ಲೇ ನಿಪುಣನಾದ ಹುಡುಗ ಎದುರು ನಾಲ್ಕೇ ಜನ ಉಳಿದಾಗ ಪರದಾಡುವುದು ಈ ಒಂದು ಲೆಕ್ಕದಿಂದಲೇ ಗೊತ್ತಾಗುತ್ತದೆ. ಖಾಲಿ ರೈಡನ್ನೂ ಬಿಡಬೇಡಿ. ಕೊನೆಯ ಎರಡು ನಿಮಿಷದಲ್ಲಿ ನಾವು ಮುಂದಿದ್ದಾಗ 30 ಸೆಕೆಂಡ್ ತಳ್ಳಿ ಸುಮ್ಮನೆ ವಾಪಸ್ ಬಂದವನು ಕೆಲಸ ಮಾಡಿಯೇ ಬಂದಿದ್ದಾನೆ.

ಇಷ್ಟಕ್ಕೆ ಸಾಫ್ಟ್‌ವೇರ್ ಬೇಡ. 15 ನಿಮಿಷದ ಎರಡು ಅವಧಿಯ ಆಟದಲ್ಲಿ ಒಂದು ತಂಡಕ್ಕೆ ಮೂವತ್ತು ಚಿಲ್ಲರೆ ರೈಡ್ ಬರುತ್ತದೆ. ರೈಡಿಗೊಂದು ಸಾಲು ಬರೆದರೂ ಲಾಂಗ್ ನೋಟ್‌ಬುಕ್ಕಿನ ಎರಡು ಪುಟದಲ್ಲಿ ಮುಗಿಯಿತು. ಹೊರಗೆ ಕೂತ ಬದಲಿ ಆಟಗಾರರಲ್ಲಿ ಒಬ್ಬ ಕೂಗಿ ಹೇಳಲಿ, ಇನ್ನೊಬ್ಬ ಬರೆಯಲಿ. ಒಬ್ಬನೇ ನೋಡಿ ಬರೆಯಲು ಹೋದರೆ ತಲೆ ತಗ್ಗಿಸಿದಾಗಲೇ ಮುಂದಿನ ರೈಡ್ ಶುರುವಾಗಿ ಸಾಲು ತಪ್ಪುತ್ತದೆ. ಪಂದ್ಯ ಮುಗಿದ ಕೂಡಲೇ ಪುಸ್ತಕದ ಮೊತ್ತವನ್ನು ಮೇಜಿನ ಸ್ಕೋರಿಗೆ ತಾಳೆ ನೋಡಿ.

ಇನ್ನು ಪತ್ರ. ಪ್ರಾಂಶುಪಾಲರಿಗೆ ಬೋನಸ್ ಗೆರೆ ಬೇಡ. ಖರ್ಚೆಷ್ಟು, ಪಾಠ ಹಾಳಾಗುತ್ತದೆಯೇ, ಆಯ್ಕೆ ಬಗ್ಗೆ ಪೋಷಕರು ಕೇಳಲು ಬಂದರೆ ಏನು ತೋರಿಸುವುದು, ಇವು ಮೂರು ಸಾಕು.

“ಮಾನ್ಯರೇ,
ವಿಷಯ: ಕಬಡ್ಡಿ ಆಟಗಾರರ ದಾಖಲೆ ಪುಸ್ತಕ ನಿರ್ವಹಿಸಲು ಅನುಮತಿ ಕೋರಿ.
ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಶಾಲಾ ತಂಡದ ಪ್ರತಿ ಪಂದ್ಯದಲ್ಲೂ ರೈಡ್, ಟ್ಯಾಕಲ್ ಮತ್ತು ಔಟ್ ವಿವರಗಳನ್ನು ಒಂದು ಪುಸ್ತಕದಲ್ಲಿ ದಾಖಲಿಸಲು ಉದ್ದೇಶಿಸಿದ್ದೇನೆ. ಬರೆಯುವ ಕೆಲಸವನ್ನು ಬದಲಿ ಆಟಗಾರರು ಪಂದ್ಯದ ವೇಳೆಯಲ್ಲೇ ಮಾಡುವುದರಿಂದ ತರಗತಿಗೆ ಅಡ್ಡಿಯಾಗುವುದಿಲ್ಲ. ಒಂದು ನೋಟ್‌ಬುಕ್ ಹೊರತು ಬೇರೆ ಖರ್ಚಿಲ್ಲ. ತಂಡದ ಆಯ್ಕೆಗೆ ಕಾರಣ ಕೇಳುವ ಪೋಷಕರಿಗೆ ಇದನ್ನು ತೋರಿಸಬಹುದು. ತಿಂಗಳಿಗೊಮ್ಮೆ ತಾವು ಪರಿಶೀಲಿಸಿ ಸಹಿ ಮಾಡಬೇಕಾಗಿ ವಿನಂತಿ.
ತಮ್ಮ ವಿಶ್ವಾಸಿ”

ಮಾದರಿ ಪುಟವೊಂದನ್ನು ಲಗತ್ತಿಸಿ, ಖಾಲಿಯದ್ದಲ್ಲ, ತುಂಬಿದ್ದು. ಸಹಿಯ ಸಾಲು ಬಿಡಬೇಡಿ. ಸಹಿ ಬೀಳುವ ಪುಸ್ತಕವನ್ನು ಯಾರೂ ಅರ್ಧಕ್ಕೆ ನಿಲ್ಲಿಸುವುದಿಲ್ಲ.

ಯಾರೂ ಕೇಳದ ಇನ್ನೊಂದು ಮಾತು: ಟ್ಯಾಕಲ್ ಪಾಯಿಂಟ್ ಯಾರ ಹೆಸರಿಗೆ? ಕಾರ್ನರ್ ಹುಡುಗ ಪಾದ ಹಿಡಿಯುತ್ತಾನೆ, ಕವರ್‌ನವನು ಬಂದು ಸೊಂಟಕ್ಕೆ ಬೀಳುತ್ತಾನೆ, ಚಪ್ಪಾಳೆ ಎರಡನೆಯವನಿಗೆ. ಪುಸ್ತಕದಲ್ಲಿ ಇಬ್ಬರ ನಂಬರೂ ಇರಲಿ, ಮೊದಲು ಹಿಡಿದವನದು ಮೊದಲು. ಇಲ್ಲದಿದ್ದರೆ ಮುಂದಿನ ವಾರದಿಂದ ಕಾರ್ನರ್ ಹುಡುಗರು ಕಾಲಿಗೆ ಕೈ ಹಾಕುವುದನ್ನೇ ಬಿಟ್ಟು, ಇನ್ನೊಬ್ಬ ಹಿಡಿಯಲಿ ಅಂತ ಕಾಯುತ್ತಾರೆ. ಇದೇ ಕಾರಣಕ್ಕೆ ಪುಸ್ತಕದ ಪುಟವನ್ನು ನೋಟಿಸ್ ಬೋರ್ಡಿಗೆ ಹಚ್ಚಲೂ ಬೇಡಿ. ಔಟ್ ಲೆಕ್ಕ ಎಲ್ಲರ ಕಣ್ಣಿಗೆ ಬಿದ್ದರೆ ಹುಡುಗರು ಮಧ್ಯ ಗೆರೆಯ ಹತ್ತಿರವೇ ಸುಳಿದಾಡಿ ಖಾಲಿ ವಾಪಸ್ ಬರುತ್ತಾರೆ. ಒಬ್ಬೊಬ್ಬನನ್ನೇ ಕೂರಿಸಿ ಅವನ ಸಾಲು ಮಾತ್ರ ತೋರಿಸಿ.