ಐಸ್ ಪ್ಯಾಕ್ ಇಟ್ಟ ಜಾಗ ಬೆಳ್ಳಗಾಗಿದೆ, ಈಗ ಬಿಸಿ ಶಾಖ ಕೊಡಬಹುದಾ?

ಪ್ರಶ್ನೆ: ಕಾಫಿ ತೋಟದಲ್ಲಿ ಜಾರಿ ಕಾಲು ಉಳುಕಿತು. ಫ್ರೀಜರ್‌ನಲ್ಲಿದ್ದ ಜೆಲ್ ಪ್ಯಾಕನ್ನು ಗಿಣ್ಣಿಗೆ ಕಟ್ಟಿಕೊಂಡು ಟಿವಿ ನೋಡುತ್ತಾ ನಿದ್ದೆ ಹೋದೆ. ಎದ್ದಾಗ ಒಂದು ಬಿಳಿ ಮಚ್ಚೆ, ಮುಟ್ಟಿದರೂ ಗೊತ್ತಾಗುತ್ತಿಲ್ಲ. ಅತ್ತೆ ಬಿಸಿ ಶಾಖ ಕೊಡು ಅಂತಿದ್ದಾರೆ. ಕೊಡಲಾ?
– ಮೂಡಿಗೆರೆಯ ಓದುಗರು

ಬೇಡ. ಮರಗಟ್ಟಿದ ಚರ್ಮಕ್ಕೆ ಬಿಸಿ ಗೊತ್ತಾಗಲ್ಲ, ಸುಟ್ಟ ಮೇಲಷ್ಟೇ ಕಣ್ಣಿಗೆ ಕಾಣುತ್ತದೆ. ಉಜ್ಜಲೂ ಬೇಡಿ. 37ರಿಂದ 39 ಡಿಗ್ರಿಯ ನೀರಿನಲ್ಲಿ, ಅಂದರೆ ಮೊಣಕೈ ಅದ್ದಿದರೆ ಬೆಚ್ಚಗೆ ಅನಿಸುವಷ್ಟರಲ್ಲಿ, ಕಾಲಿಟ್ಟು ಕೂರಿ. ಅರ್ಧ ಗಂಟೆಯೊಳಗೆ ಜುಮ್ಮೆಂದು ಬಣ್ಣ ಮರಳಿದರೆ ಮೇಲ್ಪದರಕ್ಕಷ್ಟೇ ಪೆಟ್ಟು. ಮೇಣದ ಹಾಗೆ ಗಟ್ಟಿಯಾಗೇ ಉಳಿದರೆ, ಬೊಬ್ಬೆ ಬಂದರೆ, ಅವತ್ತೇ ಡಾಕ್ಟರ್ ಹತ್ತಿರ ಹೋಗಿ.

ಐಸ್ ಇಟ್ಟರೆ ಹೀಗಾಗುತ್ತಾ ಅಂತ ಆಶ್ಚರ್ಯ ಅಲ್ವಾ? ತಪ್ಪು ತಣ್ಣನೆಯದಲ್ಲ, ಎಷ್ಟು ತಣ್ಣಗೆ ಅನ್ನೋದರಲ್ಲಿದೆ. ಕರಗುತ್ತಿರುವ ಐಸ್ ಪೂರ್ತಿ ನೀರಾಗುವವರೆಗೂ 0 ಡಿಗ್ರಿಯಲ್ಲೇ ನಿಂತಿರುತ್ತದೆ. ಜೆಲ್ ಪ್ಯಾಕ್ ಹಾಗಲ್ಲ. ಗಟ್ಟಿಯಾಗದೆ ಮೆತ್ತಗಿರಲಿ ಅಂತ ಅದರೊಳಗೆ ಹೆಪ್ಪುಗಟ್ಟದ ದ್ರವ ಬೆರೆಸಿರುತ್ತಾರೆ. ಹಾಗಾಗಿ ಫ್ರೀಜರ್‌ನ ಮೈನಸ್ 18 ಡಿಗ್ರಿಯಲ್ಲೂ ಅದು ಮೈಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ಚರ್ಮ ಸೊನ್ನೆಗಿಂತ ಸ್ವಲ್ಪ ಕೆಳಗಿಳಿದರೂ ಹೆಪ್ಪುಗಟ್ಟಲು ಶುರುವಾಗಬಹುದು. ಅದಕ್ಕೂ ಮುಂಚೆ, 10 ಡಿಗ್ರಿ ಆಸುಪಾಸಿನಲ್ಲೇ, ಚರ್ಮ ಮರಗಟ್ಟುತ್ತದೆ. ನೀವು ನಿದ್ದೆ ಹೋಗಿದ್ದೂ ಅದಕ್ಕೇ, ನೋವು ಎಬ್ಬಿಸಲಿಲ್ಲ.

ನನ್ನನ್ನು ಕೇಳಿದರೆ ಉಳುಕಿಗೆ ಪ್ಯಾಕಿಗಿಂತ ಪ್ಲಾಸ್ಟಿಕ್ ಕವರ್ ವಾಸಿ. ಐಸ್ ತುಂಡುಗಳ ಜೊತೆ ಅರ್ಧ ಲೋಟ ನೀರು ಹಾಕಿ ಬಿಗಿಯಾಗಿ ಕಟ್ಟಿ, ತೆಳ್ಳನೆಯ ಒದ್ದೆ ಬಟ್ಟೆಯ ಮೇಲೆ 15 ನಿಮಿಷ ಇಡಿ. ಫ್ರೀಜರ್‌ನಿಂದ ಬಂದ ಐಸೂ ಮೊದಲಿಗೆ ಅಷ್ಟೇ ತಣ್ಣಗಿರುತ್ತದೆ, ನೀರು ಹಾಕಿದ ತಕ್ಷಣ ಸೊನ್ನೆಯ ಕಡೆಗೆ ಬರುತ್ತದೆ. ಮಧ್ಯೆ ಒಮ್ಮೆ ಎತ್ತಿ ನೋಡಿ. ಕೆಂಪಗಿದ್ದರೆ ಸರಿ, ಬೆಳ್ಳಗಾಗಿದ್ದರೆ ತೆಗೆದುಬಿಡಿ. ಮತ್ತೆ ಇಡುವುದು ಎರಡು ಗಂಟೆ ಬಿಟ್ಟು.

ಇನ್ನು ಅತ್ತೆಯ ಶಾಖ. ಮೊದಲ ಎರಡು ಮೂರು ದಿನ ಬಿಸಿ ಕೊಟ್ಟರೆ ಊತ ಜಾಸ್ತಿಯಾಗುತ್ತದೆ. ಊತ ಇಳಿದು, ಬರೀ ಬಿಗಿತ ಉಳಿದಾಗ, ಮಚ್ಚೆಯೂ ವಾಸಿಯಾಗಿದ್ದರೆ ಕೊಡಲಿ. ಆದರೆ ಬಚ್ಚಲ ಹಂಡೆಯ ನೀರನ್ನು ಸೀದಾ ರಬ್ಬರ್ ಚೀಲಕ್ಕೆ ತುಂಬಬೇಡಿ. ಹಂಡೆಯಲ್ಲಿ 60 ಡಿಗ್ರಿ ದಾಟುವುದು ಮಾಮೂಲಿ, ಆ ಬಿಸಿಗೆ ಸುಮಾರು 5 ಸೆಕೆಂಡಿನಲ್ಲೇ ಚರ್ಮ ಸುಡುತ್ತದೆ. 49 ಡಿಗ್ರಿಗೆ 10 ನಿಮಿಷ ಸಾಕು. ಹಿತವಾಗಿದೆ ಅನಿಸುವ 44 ಡಿಗ್ರಿಯೂ ಆರು ಗಂಟೆ ಒಂದೇ ಜಾಗದಲ್ಲಿದ್ದರೆ ಸುಡುತ್ತದೆ. ಮಲೆನಾಡಿನ ಚಳಿಗೆ ಬಿಸಿನೀರಿನ ಚೀಲ ಕಾಲಡಿ ಇಟ್ಟುಕೊಂಡು ಮಲಗುವವರಿಗೂ ಇದೇ ಮಾತು. ಶುಗರ್‌ನಿಂದ ಪಾದ ಜೋಮು ಹಿಡಿದವರು ಐಸು, ಬಿಸಿ ಎರಡನ್ನೂ ಡಾಕ್ಟರನ್ನು ಕೇಳದೆ ಇಡಬಾರದು.

ಅಂದ ಹಾಗೆ, ನಾಲ್ಕು ಹೆಜ್ಜೆ ಊರಲು ಆಗುತ್ತಾ? ಆಗದಿದ್ದರೆ, ಅಥವಾ ಗಿಣ್ಣಿನ ಮೂಳೆ ಒತ್ತಿದರೆ ನೋವಾದರೆ, ಐಸು ಶಾಖ ಎರಡನ್ನೂ ಬಿಟ್ಟು ಮೊದಲು ಎಕ್ಸ್‌ರೇ ತೆಗೆಸಿ.